ಘಟ ಹಾಕೋಣ, ದೇವಿ ಪುರಾಣ ಓದೋಣ

ಮಕ್ಕಳೇ, ನಮ್ಮ ಕೂಟದ ಮೈಸೂರು ಕಡೆಯವರ ಮನೆಗೆ ನವರಾತ್ರಿಗೆ ಹೋದಾಗ ಮೆಟ್ಟಿಲ ಮೇಲೆ ಕೂರಿಸಿದ ಗೊಂಬೆಗಳನ್ನು ನೀವೆಲ್ಲ ನೋಡಿದ್ದೀರಿ. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಎಷ್ಟೋ ಮನೆಗಳಲ್ಲಿ ಗೊಂಬೆ ಇಡುವುದಿಲ್ಲ, ಘಟ ಹಾಕುತ್ತಾರೆ. ಆಶ್ವಯುಜ ಶುದ್ಧ ಪಾಡ್ಯದ ಬೆಳಿಗ್ಗೆ ಒಂದು ಬುಟ್ಟಿಯಲ್ಲಿ ಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಮಗಿ ಇಟ್ಟು, ಅದರಲ್ಲಿ ದೇವಿಯನ್ನು ಆವಾಹನೆ ಮಾಡುತ್ತಾರೆ. ಒಂಬತ್ತು ದಿನ ಪೂಜೆಯೂ ನಡೆಯುತ್ತದೆ, ಸಸಿಯೂ ಬೆಳೆಯುತ್ತದೆ. ನಾನು ನಿಮ್ಮಷ್ಟಿದ್ದಾಗ ಬೆಳಿಗ್ಗೆ ಎದ್ದ ಕೂಡಲೇ ದೇವರ ಕೋಣೆಗೆ ಓಡಿ ಸಸಿ ಎಷ್ಟು ಬಂದಿದೆ ಎಂದು ನೋಡುತ್ತಿದ್ದೆ. ಅಜ್ಜಿ ಹಾಸಿಗೆಯಿಂದಲೇ "ಮುಟ್ಟಬ್ಯಾಡ, ಬರೇ ನೋಡು" ಅನ್ನುತ್ತಿದ್ದಳು.

ಮಣ್ಣಿನ ಮಗಿಯನ್ನೇ ಇಡುವುದಕ್ಕೆ ಕಾರಣವಿದೆ. ಮೆರುಗು ಹಚ್ಚದ ಮಣ್ಣಿನ ಪಾತ್ರೆಯಿಂದ ನೀರು ಸಣ್ಣಗೆ ಜಿನುಗಿ ಸುತ್ತಲಿನ ಮಣ್ಣನ್ನು ತೇವವಾಗಿಡುತ್ತದೆ. ಮೇಲಿನಿಂದ ಹೆಚ್ಚು ನೀರು ಹಾಕುವ ಕೆಲಸವೇ ಇಲ್ಲ. ತಾಮ್ರದ ಚೆಂಬು ಜಿನುಗುವುದಿಲ್ಲ. ಇಲ್ಲಿ ಪರದೇಶದಲ್ಲಿ ನಮ್ಮಲ್ಲಿ ಬಹಳ ಜನ ತಾಮ್ರದ್ದನ್ನೇ ಇಡುವುದರಿಂದ, ಬೆಳಿಗ್ಗೆ ಒಮ್ಮೆ ಕೈಯಿಂದ ನೀರು ಚಿಮುಕಿಸಬೇಕು. ಇದು ಮಕ್ಕಳ ಕೆಲಸ. ಆದರೆ ಪ್ರೀತಿಯಿಂದ ಲೋಟಗಟ್ಟಲೆ ಸುರಿದರೆ ಮೂರನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ, ಕಾಳು ಕೊಳೆತಿದೆ ಎಂದು ಅರ್ಥ. ಮೊಳಕೆಯ ಬೇರಿನ ಸುತ್ತ ಬಿಳಿ ನವಿರು ಕಂಡರೆ ಗಾಬರಿಯಾಗಬೇಡಿ. ಅದು ಬೂಷ್ಟೋ, ಬೇರಿನ ಕೂದಲೋ ಎಂದು ತಿಳಿಯಲು ಸ್ವಲ್ಪ ನೀರು ಚಿಮುಕಿಸಿ ನೋಡಿ. ಬೇರಿನ ಕೂದಲಾದರೆ ಒದ್ದೆಯಾಗಿ ಬೇರಿಗೆ ಅಂಟಿಕೊಂಡು ಕಾಣದಂತಾಗುತ್ತದೆ. ಬೂಷ್ಟಾದರೆ ಹಾಗೇ ಉಳಿಯುತ್ತದೆ, ಆ ಜಾಗದ ಕಾಳನ್ನು ತೆಗೆದುಬಿಡಬೇಕು.

ಊರಲ್ಲಿ ಐದು ಬಗೆಯದೋ ಒಂಬತ್ತು ಬಗೆಯದೋ ಧಾನ್ಯ ಹಾಕುತ್ತಾರೆ, ಅದರಲ್ಲಿ ಜೋಳ ಇರಲೇಬೇಕು. ಇಲ್ಲಿ ಆ ಹೊತ್ತಿಗೆ ಚಳಿ ಶುರುವಾಗಿರುತ್ತದೆ. ಜೋಳಕ್ಕೆ ಬಿಸಿ ಬೇಕು, ತಣ್ಣನೆಯ ಕೋಣೆಯಲ್ಲಿ ಅದು ತಡವಾಗಿ ಏಳುತ್ತದೆ. ಗೋಧಿ ಹಾಗಲ್ಲ, ತಂಪಿನಲ್ಲೂ ಎರಡು ಮೂರು ದಿನಕ್ಕೆ ಮೊಳಕೆ ಬಿಡುತ್ತದೆ. ಆದ್ದರಿಂದ ಶಾಸ್ತ್ರಕ್ಕೆ ಒಂದು ಹಿಡಿ ಜೋಳ ಇರಲಿ, ಹೆಚ್ಚಿನದು ಗೋಧಿ ಇರಲಿ. ಮಹಾಲಯ ಅಮಾವಾಸ್ಯೆಯ ರಾತ್ರಿ ಕಾಳು ನೆನೆಹಾಕಿ, ಎರಡು ಅಂಗುಲ ಮಣ್ಣಿನ ಮೇಲೆ ಒತ್ತಾಗಿ ಹರಡಿ, ತೆಳ್ಳಗೆ ಮಣ್ಣು ಮುಚ್ಚಿದರೆ ಸಾಕು. ತೋಟದ ಅಂಗಡಿಯ ಬಣ್ಣ ಹಚ್ಚಿದ ಬೀಜ ಬೇಡ, ಅದಕ್ಕೆ ಔಷಧಿ ಬಳಿದಿರುತ್ತಾರೆ. ದಿನಸಿ ಅಂಗಡಿಯ ಇಡೀ ಗೋಧಿಯೇ ಒಳ್ಳೆಯದು. ದೇವರ ಗೂಡಿನೊಳಗೆ ಬೆಳಕು ಕಡಿಮೆ, ಅಲ್ಲಿ ಸಸಿ ಹಸಿರಾಗದೆ ತಿಳಿಹಳದಿಯಾಗಿಯೇ ಮೇಲೇಳುತ್ತದೆ. ಅದು ಕೆಟ್ಟಿಲ್ಲ. ಊರಲ್ಲೂ ಆ ಬಂಗಾರದ ಬಣ್ಣವನ್ನೇ ಇಷ್ಟಪಡುತ್ತಾರೆ.

ಮಗಿಯೊಳಗೆ ನೀರಿಗೆ ಅರಿಶಿನ, ಕುಂಕುಮ, ಅಕ್ಷತೆ, ಒಂದು ಅಡಿಕೆ, ಒಂದು ನಾಣ್ಯ ಹಾಕಿ, ಬಾಯಿಗೆ ಐದು ವೀಳ್ಯದೆಲೆ ಜೋಡಿಸಿ ತೆಂಗಿನಕಾಯಿ ಇಡಬೇಕು. ಮೇಲಿನಿಂದ ದಿನಕ್ಕೊಂದು ಹೂಮಾಲೆ ಇಳಿಬಿಡುತ್ತಾರೆ, ಹಳೆಯದನ್ನು ತೆಗೆಯುವುದಿಲ್ಲ. ಮಾಲೆ ಎಣಿಸಿದರೆ ಇವತ್ತು ಎಷ್ಟನೇ ದಿನ ಎಂದು ಚಿಕ್ಕವರಿಗೂ ಗೊತ್ತಾಗುತ್ತದೆ.

ಇನ್ನು ದಿನದ ಪಾರಾಯಣ. ಸಂಸ್ಕೃತದ ದೇವೀಮಾಹಾತ್ಮ್ಯದಲ್ಲಿ 13 ಅಧ್ಯಾಯ, 700 ಮಂತ್ರ. ನಮ್ಮ ಕಡೆ ಮನೆಮನೆಯಲ್ಲಿ ಓದುವುದು ಚಿದಾನಂದ ಅವಧೂತರು ಕನ್ನಡದಲ್ಲಿ, ಭಾಮಿನಿ ಷಟ್ಪದಿಯಲ್ಲಿ ಬರೆದ ದೇವಿ ಮಹಾತ್ಮೆಯನ್ನು. ಎಲ್ಲರೂ ದೇವಿ ಪುರಾಣ ಎಂದೇ ಕರೆಯುತ್ತಾರೆ. ಅದರಲ್ಲಿ 18 ಅಧ್ಯಾಯ, ದಿನಕ್ಕೆ ಎರಡರಂತೆ ಓದಿದರೆ ಒಂಬತ್ತು ದಿನಕ್ಕೆ ಮುಗಿಯುತ್ತದೆ.

ದುಡಿಯುವ ತಂದೆತಾಯಿಗಳೇ, ಇಬ್ಬರೂ ಕೂತು ಎರಡೂ ಅಧ್ಯಾಯ ಒಟ್ಟಿಗೆ ಓದುತ್ತೇವೆ ಎಂದುಕೊಂಡರೆ ಮೂರನೇ ದಿನಕ್ಕೆ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಹೀಗೆ ಹಂಚಿಕೊಂಡಿದ್ದೇವೆ. ಬೆಳಿಗ್ಗೆ ಬೇಗ ಏಳುವವರು ಸ್ನಾನ ಮುಗಿಸಿ, ದೀಪ ಹಚ್ಚಿ, ಒಬ್ಬರೇ ಒಂದು ಅಧ್ಯಾಯ ಓದುತ್ತಾರೆ. ಮಕ್ಕಳು ಶಾಲೆಗೆ ಹೊರಡುವ ಮೊದಲು ನೀರು ಚಿಮುಕಿಸಿ, ಮಾಲೆ ಹಾಕಿ, ನಮಸ್ಕಾರ ಮಾಡುತ್ತಾರೆ. ಸಂಜೆಯ ಅಧ್ಯಾಯ ಊಟಕ್ಕೆ ಮುಂಚೆ, ಎಲ್ಲರೂ ಕೂತು. ಮೊದಲ ಪದ್ಯವನ್ನು ಮಕ್ಕಳಿಂದ ಓದಿಸಿ, ಉಳಿದದ್ದನ್ನು ದೊಡ್ಡವರು ಓದಿ ಕಥೆ ಹೇಳುತ್ತೇವೆ, ಆಮೇಲೆ ಆರತಿ. ನೈವೇದ್ಯಕ್ಕೆ ವಾರದ ದಿನಗಳಲ್ಲಿ ಹಾಲು ಸಕ್ಕರೆ ಅಥವಾ ಹಣ್ಣು, ನವಮಿಗೆ ಮಾತ್ರ ಹೋಳಿಗೆ. ಒಬ್ಬರಿಗೆ ಆಫೀಸಿನಲ್ಲಿ ತಡವಾದರೆ ಇನ್ನೊಬ್ಬರು ಓದುತ್ತಾರೆ. ಆದರೆ ಅಧ್ಯಾಯದ ನಡುವೆ ಪುಸ್ತಕ ಮುಚ್ಚುವುದಿಲ್ಲ.

ಕನ್ನಡ ಓದಲು ತಡವರಿಸುವ ಮಕ್ಕಳಿಗೆ ಈ ಛಂದಸ್ಸೇ ಕೈಹಿಡಿಯುತ್ತದೆ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕು ಮಾತ್ರೆಯ ನಡಿಗೆ. ಮೂರನೆಯದು, ಆರನೆಯದು ಅದೇ ನಡಿಗೆಯಲ್ಲಿ ಉದ್ದವಾಗಿ ಸಾಗಿ ಒಂದು ಗುರುವಿನಲ್ಲಿ ನಿಲ್ಲುತ್ತವೆ. ತೊಡೆಯ ಮೇಲೆ ತಾಳ ಹಾಕುತ್ತ ಓದಿಸಿ. ಶಬ್ದ ಎಲ್ಲಿ ಒಡೆಯಬೇಕೆಂದು ತಾಳವೇ ತಿಳಿಸುತ್ತದೆ.

ಕಥೆಯಂತೂ ಮಕ್ಕಳಿಗೇ ಹೇಳಿಮಾಡಿಸಿದ್ದು. ರಕ್ತಬೀಜನ ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಅಲ್ಲಿಂದ ಅವನಂಥವನೇ ಇನ್ನೊಬ್ಬ ಏಳುತ್ತಾನೆ. ಹೊಡೆದಷ್ಟೂ ಹೆಚ್ಚುತ್ತಾನೆ. ಕೊನೆಗೆ ಕಾಳಿ ಬಾಯಿ ಅಗಲಿಸಿ ಹನಿ ಹನಿಯನ್ನೂ ನೆಲ ಮುಟ್ಟುವ ಮೊದಲೇ ಕುಡಿಯುತ್ತಾಳೆ. ನನಗೆ ಅದಕ್ಕಿಂತ ಪ್ರಿಯವಾದದ್ದು ಕಥೆ ಕೇಳುವ ಇಬ್ಬರು. ರಾಜ್ಯ ಕಳೆದುಕೊಂಡ ರಾಜ ಸುರಥ, ಮನೆಯವರೇ ಹೊರಹಾಕಿದ ವ್ಯಾಪಾರಿ ಸಮಾಧಿ. ಕಾಡಿನಲ್ಲಿ ಮೇಧಸ ಮುನಿಯಿಂದ ಇದನ್ನೆಲ್ಲ ಕೇಳಿ, ಹೊಳೆಯ ದಂಡೆಯಲ್ಲಿ ಮಣ್ಣಿನ ಮೂರ್ತಿ ಮಾಡಿ ಮೂರು ವರ್ಷ ಪೂಜಿಸುತ್ತಾರೆ. ದೇವಿ ಪ್ರಸನ್ನಳಾದಾಗ ರಾಜ ತನ್ನ ರಾಜ್ಯ ಕೇಳುತ್ತಾನೆ, ವ್ಯಾಪಾರಿ ಜ್ಞಾನ ಕೇಳುತ್ತಾನೆ. ಇಬ್ಬರಿಗೂ ಕೇಳಿದ್ದು ಸಿಗುತ್ತದೆ. ನೀವಾಗಿದ್ದರೆ ಏನು ಕೇಳುತ್ತಿದ್ದಿರಿ ಎಂದು ಆ ಸಂಜೆ ಮಕ್ಕಳನ್ನು ಕೇಳಿ.

ಎರಡು ವಿಷಯ ಪಾಲಕರಿಗೆ. ನಂದಾದೀಪ ಒಂಬತ್ತು ದಿನ ಆರದಂತೆ ಉರಿಸುವುದು ಊರಿನ ಪದ್ಧತಿ. ಅಲ್ಲಿ ಮನೆಯಲ್ಲಿ ಸದಾ ಒಬ್ಬರು ಇರುತ್ತಿದ್ದರು. ಇಲ್ಲಿ ಕಟ್ಟಿಗೆಯ ಮನೆಗೆ ಬೀಗ ಹಾಕಿ ಎಲ್ಲರೂ ಹೊರಡುತ್ತೇವೆ. ಆದ್ದರಿಂದ ಅಖಂಡ ದೀಪದ ಸಂಕಲ್ಪವನ್ನೇ ಮಾಡಬೇಡಿ. ಎರಡು ಹೊತ್ತು ದೀಪ ಹಚ್ಚುತ್ತೇನೆ ಎಂದು ಸಂಕಲ್ಪ ಮಾಡಿ, ಅಷ್ಟನ್ನು ತಪ್ಪಿಸಬೇಡಿ. ಇನ್ನೊಂದು, ನೀವಿರುವ ಊರಿನ ಸೂರ್ಯೋದಯಕ್ಕೆ ಗಣಿಸಿದ ಪಂಚಾಂಗವನ್ನೇ ನೋಡಿ. ತಿಥಿ ಒಮ್ಮೊಮ್ಮೆ 24 ಗಂಟೆಗಿಂತ ಹೆಚ್ಚೂ ಕಡಿಮೆಯೂ ಇರುವುದರಿಂದ ದಿನ ಕೂಡುವುದೂ ಕಳೆಯುವುದೂ ಉಂಟು. 2025ರಲ್ಲಿ ಭಾರತದಲ್ಲಿ ಸೆಪ್ಟೆಂಬರ್ 22ಕ್ಕೆ ಪಾಡ್ಯ, ಅಕ್ಟೋಬರ್ 1ಕ್ಕೆ ಮಹಾನವಮಿ, ಒಟ್ಟು ಹತ್ತು ದಿನ ಬಂತು. ಅಂಥ ವರ್ಷ ಎಂಟು ದಿನ ಎರಡೆರಡು ಅಧ್ಯಾಯ ಓದಿ, ಕೆಲಸ ಹೆಚ್ಚಿರುವ ಎರಡು ದಿನ ಒಂದೊಂದನ್ನೇ ಓದಿದರೆ ಲೆಕ್ಕ ಸರಿಹೋಗುತ್ತದೆ.

ವಿಜಯದಶಮಿಯಂದು ಪೂಜೆ ಮಾಡಿ ಘಟವನ್ನು ತುಸು ಕದಲಿಸುತ್ತೇವೆ. ನೀರನ್ನು ಎಲೆಯಿಂದ ಮನೆಯೆಲ್ಲ ಸಿಂಪಡಿಸುತ್ತೇವೆ. ಸಸಿ ಕಿತ್ತು ಮೊದಲು ದೇವಿಗೆ ಏರಿಸಿ, ಗಂಡಸರು ಟೊಪ್ಪಿಗೆಗೆ, ಹೆಂಗಸರು ಮುಡಿಗೆ, ಮಕ್ಕಳು ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ. ಊರಲ್ಲಿ ಅದರ ಜೊತೆ ಬನ್ನಿ ಎಲೆ ಕೊಟ್ಟು ಹಿರಿಯರ ಕಾಲಿಗೆ ಬೀಳುತ್ತಿದ್ದೆವು. ಎಲೆ, ಬೀಜ, ಮಣ್ಣನ್ನು ಅಂಚೆಯಲ್ಲಿ ತರಿಸಲು ಬಹಳ ದೇಶಗಳಲ್ಲಿ ಅನುಮತಿ ಇಲ್ಲ, ಆದ್ದರಿಂದ ಅಜ್ಜಿಗೆ ಬನ್ನಿ ಕಳಿಸು ಎನ್ನಬೇಡಿ. ಆ ಸಂಜೆ ಸಸಿಯನ್ನೇ ಬನ್ನಿ ಎಂದು ಹಿಡಿದು ಕೂಟದ ಹಿರಿಯರ ಮನೆಗಳಿಗೆ ಹೋಗಿ, ಕೈಗೆ ಕೊಟ್ಟು, "ಬಂಗಾರದಂಗ ಇರೋಣ್ರಿ" ಅನ್ನಿ.