ಕರೀಮಾ ಮರ್ವಜಿಯ್ಯಾ

ಹನ್ನೊಂದನೆಯ ಶತಮಾನದ ಮಧ್ಯಭಾಗದಲ್ಲಿ ಹಜ್ ಯಾತ್ರೆಗೆಂದು ಮಕ್ಕಾ ನಗರಕ್ಕೆ ಬರುತ್ತಿದ್ದ ವಿದ್ವಾಂಸರಲ್ಲಿ ಹಲವರು ಯಾತ್ರೆಯ ವಿಧಿಗಳೊಡನೆ ಇನ್ನೊಂದು ಕಾರ್ಯವನ್ನೂ ಪೂರೈಸಿಕೊಂಡು ಹೋಗುತ್ತಿದ್ದರು. ಆ ನಗರದಲ್ಲಿ ನೆಲೆಸಿದ್ದ ವೃದ್ಧೆಯೊಬ್ಬರ ಸನ್ನಿಧಿಯಲ್ಲಿ ಕುಳಿತು ಅವರು ಬುಖಾರಿಯವರ ಹದೀಸ್ ಸಂಗ್ರಹವನ್ನು ಓದುತ್ತಿದ್ದರು. ಆ ವೃದ್ಧೆಯೇ ಕರೀಮಾ ಮರ್ವಜಿಯ್ಯಾ.

ಪ್ರವಾದಿ ಮುಹಮ್ಮದರು ಆಡಿದ ಮಾತು, ಮಾಡಿದ ಕಾರ್ಯ, ಇವುಗಳ ವರದಿಗೆ ಹದೀಸ್ ಎಂದು ಹೆಸರು. ಹದೀಸಿಗೆ ಎರಡು ಭಾಗಗಳು. ಒಂದು, ವರದಿಯ ಮಾತು. ಇನ್ನೊಂದು, ಅದನ್ನು ಯಾರು ಯಾರಿಂದ ಕೇಳಿದರೆಂಬ ಹೆಸರುಗಳ ಸರಪಳಿ. ಸರಪಳಿಯ ಒಂದು ಕೊಂಡಿ ನಂಬಿಕೆಗೆ ಅರ್ಹವಲ್ಲವೆಂದು ತೋರಿದರೆ ಇಡೀ ವರದಿಯೇ ಸಂದೇಹಕ್ಕೆ ಒಳಗಾಗುತ್ತಿತ್ತು. ಈ ಸರಪಳಿಯಲ್ಲಿ ಸ್ತ್ರೀಯರು ಮೊದಲಿನಿಂದಲೂ ಇದ್ದರು. ಪ್ರವಾದಿಯವರ ಪತ್ನಿ ಆಯಿಷಾ ಅವರೊಬ್ಬರ ಹೆಸರಿನಲ್ಲಿಯೇ ಎರಡು ಸಾವಿರಕ್ಕೂ ಮಿಗಿಲಾದ ಹದೀಸುಗಳಿವೆ. ಆದರೆ ಮುಂದಿನ ಎರಡು ಶತಮಾನಗಳಲ್ಲಿ ಸ್ತ್ರೀಯರ ಹೆಸರುಗಳು ವಿರಳವಾದವು. ಹದೀಸುಗಳನ್ನು ಊರೂರು ಅಲೆದು ಸಂಗ್ರಹಿಸಬೇಕಾಗಿದ್ದ ಕಾಲವದು; ಒಂಟಿಯಾಗಿ ದೂರದ ಪಯಣ ಕೈಗೊಳ್ಳುವುದು ಹೆಣ್ಣುಮಕ್ಕಳಿಗೆ ಸುಲಭವಾಗಿರಲಿಲ್ಲ. ಹದೀಸುಗಳು ಪ್ರಮಾಣಗ್ರಂಥಗಳಾಗಿ ನೆಲೆಗೊಂಡ ಮೇಲೆ ಪರಿಸ್ಥಿತಿ ಬದಲಾಯಿತು. ಗ್ರಂಥವನ್ನು ಯೋಗ್ಯ ಗುರುವಿನ ಮುಖದಿಂದ ಕೇಳಿ, ತನ್ನ ಪ್ರತಿಯನ್ನು ತಪ್ಪಿಲ್ಲದೆ ಕಾಪಾಡಿಕೊಳ್ಳುವುದೇ ಈಗ ಮುಖ್ಯವಾಯಿತು. ಹತ್ತನೆಯ ಶತಮಾನದ ಮಧ್ಯದಿಂದ ಸ್ತ್ರೀಯರು ಮತ್ತೆ ಗುರುಸ್ಥಾನದಲ್ಲಿ ಕಾಣಿಸಿಕೊಂಡರು. ಕರೀಮಾ ಅವರಲ್ಲಿ ಅಗ್ರಗಣ್ಯರು.

ಆಕೆಯ ತಂದೆ ಅಹಮದ್. ಅವರದು ಮರ್ವ್ ನಗರದ ಸಮೀಪದ ಕುಶ್‌ಮೀಹನ್ ಎಂಬ ಗ್ರಾಮ. ಅಂದು ಖುರಾಸಾನ್ ಪ್ರಾಂತಕ್ಕೆ ಸೇರಿದ್ದ ಮರ್ವ್ ಇಂದು ತುರ್ಕ್‌ಮೆನಿಸ್ತಾನದಲ್ಲಿದೆ. ಅದೇ ಗ್ರಾಮದ ಅಬುಲ್ ಹೈಸಮ್ ಎಂಬ ವಿದ್ವಾಂಸರನ್ನು ಊರಿನ ಹೆಸರಿನಿಂದ ಕುಶ್‌ಮೀಹನೀ ಎಂದೇ ಕರೆಯುತ್ತಿದ್ದರು. ಕರೀಮಾ ಬುಖಾರಿಯವರ ಗ್ರಂಥವನ್ನು ಕೇಳಿದ್ದು ಇವರಿಂದಲೇ. ಕುಶ್‌ಮೀಹನೀ ಅದನ್ನು ಫಿರಬ್ರೀ ಎಂಬವರಿಂದ ಕೇಳಿದ್ದರು. ಫಿರಬ್ರೀ ಸ್ವತಃ ಬುಖಾರಿಯವರಿಂದಲೇ ಕೇಳಿದ್ದರು. ಬುಖಾರಿಯವರು ತೀರಿಕೊಂಡದ್ದು ಕ್ರಿ. ಶ. 870ರಲ್ಲಿ, ಫಿರಬ್ರೀ 932ರಲ್ಲಿ, ಕುಶ್‌ಮೀಹನೀ 999ರಲ್ಲಿ. ಕರೀಮಾ ಅದಾದ ಮೇಲೂ ಎಪ್ಪತ್ತು ವರ್ಷಗಳಿಗೆ ಹೆಚ್ಚು ಕಾಲ ಬಾಳಿದರು. ಗ್ರಂಥಕರ್ತರು ಗತಿಸಿ ಇನ್ನೂರು ವರ್ಷಗಳು ಸಮೀಪಿಸುತ್ತಿದ್ದ ಕಾಲದಲ್ಲಿ ಅವರಿಗೂ ಈಕೆಗೂ ನಡುವೆ ಇದ್ದವರು ಕೇವಲ ಇಬ್ಬರು! ಕೊಂಡಿಗಳು ಕಡಿಮೆಯಾದಷ್ಟೂ ತಪ್ಪು ನುಸುಳುವ ಅವಕಾಶವೂ ಕಡಿಮೆ. ಎಳೆಯ ವಯಸ್ಸಿನಲ್ಲಿ ವೃದ್ಧ ಗುರುವಿನಿಂದ ಕೇಳಿ, ತಾನೂ ದೀರ್ಘಾಯುಷಿಯಾಗಿ ಬಾಳಿದವರನ್ನು ವಿದ್ಯಾರ್ಥಿಗಳು ಅರಸಿಕೊಂಡು ಬರುತ್ತಿದ್ದುದು ಇದಕ್ಕಾಗಿಯೇ.

ತಂದೆ ಮಗಳನ್ನು ಜೆರೂಸಲೇಮಿಗೆ ಕರೆದೊಯ್ದರು. ಅಲ್ಲಿಂದ ಮಕ್ಕಾ ನಗರಕ್ಕೆ ಕರೆತಂದರು. ಕರೀಮಾ ಅಲ್ಲಿಯೇ ನೆಲೆನಿಂತರು. ಆಕೆ ವಿವಾಹವಾಗಲಿಲ್ಲವೆಂಬುದು ಬಂಧುಗಳ ಹೇಳಿಕೆಯಿಂದ ತಿಳಿದುಬರುತ್ತದೆ. ಅದೇ ನಗರದಲ್ಲಿ ಅಬೂ ಜರ್ರ್ ಎಂಬ ಹೆರಾತಿನ ವಿದ್ವಾಂಸರೂ ಬುಖಾರಿಯವರ ಗ್ರಂಥವನ್ನು ಬೋಧಿಸುತ್ತಿದ್ದರು. ಅವರು ಫಿರಬ್ರೀಯವರ ಮೂವರು ಶಿಷ್ಯರಿಂದ ಅದನ್ನು ಕೇಳಿದ್ದವರು, ಆ ಕಾಲದ ದೊಡ್ಡ ಹೆಸರು. 1043ರಲ್ಲಿ ತೀರಿಕೊಳ್ಳುವ ಮುನ್ನ ಅವರು, ಇನ್ನು ಮುಂದೆ ಕರೀಮಾ ಅವರ ಬಳಿಗೇ ಹೋಗಬೇಕೆಂದು ಶಿಷ್ಯರಿಗೆ ತಿಳಿಸಿದರೆಂಬ ಪ್ರತೀತಿಯಿದೆ.

ಆಕೆಯ ಬೋಧನೆಯ ಕ್ರಮ ಹೇಗಿತ್ತು? ಕೂಫಾ ನಗರದ ನರ್ಸೀ ಎಂಬ ವಿದ್ಯಾರ್ಥಿ ಹೇಳಿರುವ ಒಂದು ಪ್ರಸಂಗದಿಂದ ಅದು ಸ್ಪಷ್ಟವಾಗುತ್ತದೆ. ಕರೀಮಾ ತಮ್ಮ ಬಳಿಯಿದ್ದ ಮೂಲಪ್ರತಿಯನ್ನು ಹೊರತೆಗೆದು ಆತನಿಗೆ ಕೊಟ್ಟರು. ಆತ ಎದುರಿಗೆ ಕುಳಿತು ಏಳು ಹಾಳೆಗಳನ್ನು ನಕಲು ಮಾಡಿಕೊಂಡ. ಬರೆದುದನ್ನು ಮೂಲದೊಂದಿಗೆ ತಾನೊಬ್ಬನೇ ಹೋಲಿಸಿ ನೋಡಿಕೊಳ್ಳಬೇಕೆಂಬುದು ಆತನ ಇಚ್ಛೆಯಾಗಿತ್ತು. ಕರೀಮಾ ಒಪ್ಪಲಿಲ್ಲ. ತನ್ನೊಡನೆ ಕುಳಿತು ಹೋಲಿಸಲೇಬೇಕೆಂದು ಪಟ್ಟುಹಿಡಿದರು. ಕೊನೆಗೆ ಆತ ಹಾಗೆಯೇ ಮಾಡಿದ.

ಏಳೇ ಹಾಳೆಗಳಿಗೆ ಇಷ್ಟು ನಿಷ್ಠುರತೆ ಏಕೆಂದು ಕೆಲವರಿಗೆ ಅನ್ನಿಸಬಹುದು. ಅರಬ್ಬಿ ಲಿಪಿಯನ್ನು ಬಲ್ಲವರಿಗೆ ಹಾಗೆ ಅನ್ನಿಸದು. ಆ ಲಿಪಿಯಲ್ಲಿ ಹಲವು ಅಕ್ಷರಗಳ ಆಕಾರ ಒಂದೇ. ಮೇಲೋ ಕೆಳಗೋ ಇಡುವ ಚುಕ್ಕೆಗಳಿಂದ ಮಾತ್ರ ಅವುಗಳ ಭೇದ ತಿಳಿಯುತ್ತದೆ. ‘ಬ’ಕಾರಕ್ಕೆ ಕೆಳಗೆ ಒಂದು ಚುಕ್ಕೆ, ‘ತ’ಕಾರಕ್ಕೆ ಮೇಲೆ ಎರಡು. ಕೈಬರಹದ ಅವಸರದಲ್ಲಿ ಚುಕ್ಕೆ ಬಿಟ್ಟುಹೋದರೆ ಶಬ್ದವೇ ಬೇರೆಯಾಗುತ್ತದೆ. ನಮ್ಮ ಓಲೆಗರಿಗಳಲ್ಲಿ ‘ಮ’ ಮತ್ತು ‘ವ’ ಅಕ್ಷರಗಳು ಒಂದರಂತೆ ಇನ್ನೊಂದು ಕಾಣಿಸುವುದನ್ನು ನೆನೆದರೆ ಈ ತೊಡಕು ಅರ್ಥವಾದೀತು. ಇದಕ್ಕಿಂತಲೂ ಅಪಾಯಕರವಾದ ತಪ್ಪು ಇನ್ನೊಂದಿದೆ. ಒಂದೇ ಶಬ್ದ ಹತ್ತಿರ ಹತ್ತಿರದ ಎರಡು ಸಾಲುಗಳಲ್ಲಿ ಬಂದಾಗ, ನಕಲುಗಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿ, ನಡುವಿನ ಮಾತೆಲ್ಲ ಮಾಯವಾಗುತ್ತದೆ. ಉಳಿದ ವಾಕ್ಯ ಸುಸಂಬದ್ಧವಾಗಿಯೇ ಕಾಣುವುದರಿಂದ, ಬರೆದವನು ಎಷ್ಟು ಸಲ ಓದಿದರೂ ಆ ಲೋಪ ಅವನಿಗೆ ಗೋಚರಿಸದು. ಒಬ್ಬರು ನಕಲನ್ನು ಗಟ್ಟಿಯಾಗಿ ಓದುತ್ತಿರುವಾಗ ಇನ್ನೊಬ್ಬರು ಮೂಲದ ಮೇಲೆ ಕಣ್ಣಿಟ್ಟಿದ್ದರೆ ಮಾತ್ರ ಅದು ಸಿಕ್ಕಿಬೀಳುತ್ತದೆ. ಹೀಗೆ ತಿದ್ದಿಕೊಳ್ಳದೆ ಊರಿಗೊಯ್ದ ಪ್ರತಿಯಿಂದ ಹತ್ತು ಪ್ರತಿಗಳು ಹುಟ್ಟಿದರೆ, ಹತ್ತರಲ್ಲಿಯೂ ಅದೇ ತಪ್ಪು; ಹೊಣೆ ಮಾತ್ರ ಗುರುವಿನ ಹೆಸರಿಗೆ.

ಬಾಗ್ದಾದಿನ ಸುಪ್ರಸಿದ್ಧ ಇತಿಹಾಸಕಾರ ಖತೀಬರು ಹಜ್ ಯಾತ್ರೆಗೆ ಬಂದಾಗ ಕರೀಮಾ ಅವರ ಮುಂದೆ ಇಡೀ ಗ್ರಂಥವನ್ನು ಐದು ದಿನಗಳಲ್ಲಿ ಓದಿ ಮುಗಿಸಿದರು. ಆಗ ಖತೀಬರಿಗೆ ಐವತ್ತು ದಾಟಿತ್ತು. ಕರೀಮಾ ಎಂಬತ್ತರ ಆಸುಪಾಸಿನಲ್ಲಿದ್ದರು. ಮತ್ತೆ ಮತ್ತೆ ಬರುವವುಗಳನ್ನೂ ಎಣಿಸಿದರೆ ಗ್ರಂಥದಲ್ಲಿ ಏಳು ಸಾವಿರಕ್ಕೂ ಹೆಚ್ಚು ಹದೀಸುಗಳಿವೆ. ಎಂದಮೇಲೆ ದಿನವೊಂದಕ್ಕೆ ಸಾವಿರದ ನಾನೂರಕ್ಕೆ ಕಡಿಮೆಯಿಲ್ಲ. ಇಷ್ಟು ವೇಗದಲ್ಲಿ ಅರ್ಥವಿವರಣೆಗೆ ಅವಕಾಶ ಇರಲಾರದು ಎಂಬುದನ್ನು ಒಪ್ಪಬೇಕು. ಖತೀಬರು ಬಯಸಿದ್ದೂ ಅದನ್ನಲ್ಲ. ಅವರಿಗೆ ಬೇಕಾಗಿದ್ದುದು ಶುದ್ಧ ಪಾಠ, ಮತ್ತು ಇಂಥವರಿಂದ ಕೇಳಿದೆನೆಂದು ಮುಂದೆ ಹೇಳುವ ಅಧಿಕಾರ. ಹಾಗೆಂದು ಕರೀಮಾ ಕೇವಲ ಪ್ರತಿಯ ಕಾವಲುಗಾರ್ತಿಯಾಗಿದ್ದರೆಂದು ಭಾವಿಸಬೇಕಾಗಿಲ್ಲ. ಹದಿನಾಲ್ಕನೆಯ ಶತಮಾನದ ಚರಿತ್ರಕಾರ ಜಹಬೀ ಆಕೆಯ ತಿಳಿವಳಿಕೆಯನ್ನೂ ಜ್ಞಾನವನ್ನೂ ಸ್ಪಷ್ಟವಾಗಿ ಹೊಗಳಿದ್ದಾರೆ.

ಕರೀಮಾ ತೀರಿಕೊಂಡದ್ದು ಹಿಜರಿ 463ರಲ್ಲಿ, ಎಂದರೆ ಕ್ರಿ. ಶ. 1070–71ರಲ್ಲಿ. ಹಿಜರಿ 465 ಎಂಬ ಇನ್ನೊಂದು ಲೆಕ್ಕವೂ ಇತ್ತು. ಜಹಬೀ ಮೊದಲನೆಯದನ್ನೇ ಸರಿಯೆಂದು ನಿರ್ಣಯಿಸಿದರು. ಆಕೆಗೆ ನೂರು ವರ್ಷ ತುಂಬಿತ್ತೆಂದು ಹೇಳುತ್ತಾರೆ. ಆಕೆಯ ಮುಂದೆ ಐದು ದಿನ ಕುಳಿತಿದ್ದ ಖತೀಬರೂ ಹಿಜರಿ 463ರಲ್ಲಿಯೇ ಬಾಗ್ದಾದಿನಲ್ಲಿ ಕಣ್ಮುಚ್ಚಿದರು.

ಹದಿನೈದನೆಯ ಶತಮಾನದಲ್ಲಿ ಕೈರೋ ನಗರದ ಇಬ್ನ್ ಹಜರ್ ಬುಖಾರಿಯವರ ಗ್ರಂಥಕ್ಕೆ ‘ಫತ್‌ಹುಲ್ ಬಾರೀ’ ಎಂಬ ಬೃಹತ್ ವ್ಯಾಖ್ಯಾನವನ್ನು ರಚಿಸಿದರು. ಹಲವು ಪಾಠಗಳನ್ನು ಮುಂದಿಟ್ಟುಕೊಂಡು, ಒಂದೊಂದು ಶಬ್ದ ಯಾರ ಪಾಠದಲ್ಲಿ ಹೇಗಿದೆ ಎಂದು ಅವರು ಗುರುತಿಸುತ್ತಾ ಹೋಗುತ್ತಾರೆ. ಆ ವ್ಯಾಖ್ಯಾನವನ್ನು ಓದುವವರಿಗೆ ಇಂದಿಗೂ ನಡುನಡುವೆ, ಕರೀಮಾ ಅವರ ಪಾಠದಲ್ಲಿ ಇಲ್ಲಿ ಇಂಥ ಶಬ್ದವಿದೆ ಎಂಬ ಟಿಪ್ಪಣಿ ಎದುರಾಗುತ್ತದೆ.