ಪಕ್ಕದ ಮೇಜಿನವರಿಗೆ ನೌರೂಜ್ ಕಾರ್ಡು

ಮಕ್ಕಳೇ,

ಇಲ್ಲಿ ಕ್ಯಾಲಿಫೋರ್ನಿಯಾದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು ಟೆಹರಾನಿನವರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಪ್ರತಿ ಯುಗಾದಿಗೆ ನಾನು ಒಯ್ಯುವ ಬೇವು-ಬೆಲ್ಲವನ್ನು ಕೇಳಿ ಹಾಕಿಸಿಕೊಳ್ಳುವವರು. ಅವರ ಹೊಸ ವರ್ಷಕ್ಕೆ ಅವರದೇ ಪಾರಸಿ ಭಾಷೆಯಲ್ಲಿ ಶುಭಾಶಯ ಹೇಳಬೇಕೆಂದು 2025ರ ಮಾರ್ಚಿನಲ್ಲಿ ಅಂಗಡಿಯೊಂದರಲ್ಲಿ ಕಾರ್ಡು ಅಚ್ಚು ಹಾಕಿಸಿದೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು, ಆದರೆ ಓದಲಾಗಲಿಲ್ಲ. ಅಕ್ಷರಗಳೆಲ್ಲ ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ, ತಿರುಗುಮುರುಗಾಗಿ ಬಿದ್ದಿದ್ದವು. ಆಮೇಲೆ ಅವರೇ ಒಂದು ಬಿಳಿ ಹಾಳೆ ತೆಗೆದು ಬರೆದು ತೋರಿಸಿದರು. ನಿಮ್ಮ ತರಗತಿಗಳಲ್ಲೂ ಇರಾನಿನ, ಅಫ್ಘಾನಿಸ್ತಾನದ ಗೆಳೆಯರು ಇದ್ದಾರಲ್ಲ, ಅದಕ್ಕೇ ಆ ದಿನ ಕಲಿತದ್ದನ್ನು ನಿಮಗೂ ಹೇಳುತ್ತಿದ್ದೇನೆ.

ಹಬ್ಬದ ಹೆಸರು ನೌರೂಜ್. 'ನೌ' ಎಂದರೆ ಹೊಸ, 'ರೂಜ್' ಎಂದರೆ ದಿನ. ಕೊನೆಯ ಜ ಅನ್ನು 'ಜೀಬ್ರಾ'ದ ಜ ಹಾಗೆ ಅನ್ನಬೇಕು. ಆ 'ನೌ' ಬೇರೆ ಯಾರೂ ಅಲ್ಲ, ನಮ್ಮ 'ನವ'ದ ಒಡಹುಟ್ಟು. ಪಾರಸಿ ಮತ್ತು ಸಂಸ್ಕೃತ ಒಂದೇ ಮೂಲದ ಭಾಷೆಗಳು. ಬರೆಯುವುದು ಅರಬ್ಬಿ ಲಿಪಿಯಲ್ಲಿ ಎಂಬ ಕಾರಣಕ್ಕೆ ಎಷ್ಟೋ ಜನ ಪಾರಸಿಯನ್ನು ಅರಬ್ಬಿಯೆಂದೇ ತಿಳಿಯುತ್ತಾರೆ. ಇರಾನಿನವರ ಮುಂದೆ ಹಾಗೆ ಹೇಳಬೇಡಿ, ಅವರಿಗೆ ನೋವಾಗುತ್ತದೆ.

ಬರೆಯುವುದು ಬಲದಿಂದ ಎಡಕ್ಕೆ. 'ನೌರೂಜ್'ಗೆ ಐದು ಅಕ್ಷರ: ನೂನ್, ವಾವ್, ರೆ, ವಾವ್, ಜೆ. ರೆ ಮತ್ತು ಜೆ ಒಂದೇ ಆಕಾರದವು, ಮೇಲೊಂದು ಚುಕ್ಕಿ ಇಟ್ಟರೆ ರೆ ಜೆ ಆಗುತ್ತದೆ. ವಾವ್, ರೆ, ಜೆ ಈ ಮೂರಕ್ಕೂ ಒಂದು ಗುಣವಿದೆ, ಮುಂದಿನ ಅಕ್ಷರದ ಕೈ ಹಿಡಿಯುವುದಿಲ್ಲ. ಹಾಗಾಗಿ ನೂನ್ ತನ್ನ ಪಕ್ಕದ ವಾವ್‌ಗೆ ಅಂಟಿಕೊಂಡಿರುತ್ತದೆ, ಉಳಿದ ಮೂರು ಒಂಟಿಯಾಗಿ ನಿಲ್ಲುತ್ತವೆ. ನನ್ನ ಕಾರ್ಡಿನಲ್ಲಿ ಆ ನೂನ್ ಕೂಡ ಒಂಟಿಯಾಗಿತ್ತು, ಸಾಲದ್ದಕ್ಕೆ ಪದ ಎಡದಿಂದ ಶುರುವಾಗಿತ್ತು. ಬಲದಿಂದ ಎಡಕ್ಕೆ ಬರೆಯುವ ಲಿಪಿ ತಿಳಿಯದ ಸಾಫ್ಟ್‌ವೇರ್ ಹೀಗೆ ಮಾಡಿಬಿಡುತ್ತದೆ. ನೀವು ಅಚ್ಚು ಹಾಕಿಸುವುದಾದರೆ ಇಷ್ಟು ನೋಡಿ: ಬಲತುದಿಯ ಮೊದಲೆರಡು ಅಕ್ಷರ ಕೂಡಿಕೊಂಡಿರಬೇಕು, ಎಡತುದಿಯ ಅಕ್ಷರದ ಮೇಲೆ ಚುಕ್ಕಿ ಇರಬೇಕು. ನನ್ನ ಮಾತು ಕೇಳಿದರೆ ಕೈಯಲ್ಲೇ ಬರೆಯಿರಿ.

ಇನ್ನು ಬಾಯಲ್ಲಿ ಹೇಳುವ ಮಾತು. ಸರಳವಾದದ್ದು 'ನೌರೂಜ್ ಮೊಬಾರಕ್'. ಮೊಬಾರಕ್ ಎಂದರೆ ಶುಭವಾಗಲಿ, ನಾವು ಕೇಳಿರುವ 'ಮುಬಾರಕ್' ಅದೇ. 'ಸಾಲೆ ನೋ ಮೊಬಾರಕ್' ಎಂದೂ ಹೇಳುತ್ತಾರೆ, ಹೊಸ ವರ್ಷ ಶುಭವಾಗಲಿ ಎಂದು. ಇಲ್ಲಿರುವ 'ಸಾಲ್' ಎಂಬ ಪದ ನಿಮ್ಮ ಅಜ್ಜ ಓದುವ ಕನ್ನಡ ಪತ್ರಿಕೆಯಲ್ಲಿ ದಿನಾ ಇರುತ್ತದೆ. 'ಪ್ರಸಕ್ತ ಸಾಲಿನ ಬಜೆಟ್' ಎನ್ನುವಾಗ ನಾವು ಹೇಳುವುದು ಪಾರಸಿಯ 'ವರ್ಷ'ವನ್ನೇ.

ನಮ್ಮಲ್ಲಿ ಹಿರಿಯರಿಗೆ 'ನೀವು', ಗೆಳೆಯರಿಗೆ 'ನೀನು' ಇದ್ದ ಹಾಗೆ ಅಲ್ಲಿ 'ಶೊಮಾ' ಮತ್ತು 'ತೊ'. ಆದ್ದರಿಂದ ಗೆಳೆಯನಿಗೆ 'ನೌರೂಜೆತ್ ಮೊಬಾರಕ್' ಅಂದರೆ ನಿನ್ನ ನೌರೂಜ್ ಶುಭವಾಗಲಿ. ಹಿರಿಯ ಸಹೋದ್ಯೋಗಿಗೆ, ಟೀಚರಿಗೆ, ಗೆಳೆಯನ ಅಮ್ಮನಿಗೆ 'ನೌರೂಜೆತಾನ್ ಮೊಬಾರಕ್'. ಆ 'ತಾನ್' ಒಂದರಲ್ಲೇ ಗೌರವವೆಲ್ಲ ಇದೆ. ಕಾರ್ಡಿನಲ್ಲಿ ಬರೆಯುವಾಗ 'ನೌರೂಜೆತಾನ್ ಪೀರೂಜ್' ಇನ್ನೂ ಚೆನ್ನ. ಪೀರೂಜ್ ಎಂದರೆ ಜಯಶಾಲಿ. ರೂಜ್, ಪೀರೂಜ್ ಎಂದು ಪ್ರಾಸವೂ ಕೂಡುತ್ತದೆ.

ಕೊನೆಗೆ ನಾನು ನನ್ನ ಕೈಯಲ್ಲೇ ಬರೆದ ಕಾರ್ಡಿನಲ್ಲಿ ಮೂರು ಸಾಲು ಇತ್ತು. ಮೊದಲು 'ಹಮ್‌ಕಾರೆ ಗೆರಾಮೀ'. ಹಮ್ ಎಂದರೆ ಜೊತೆ, ಕಾರ್ ಎಂದರೆ ಕೆಲಸ, ಗೆರಾಮೀ ಎಂದರೆ ಮಾನ್ಯ. ಮಾನ್ಯ ಸಹೋದ್ಯೋಗಿಗಳೇ ಎಂದು. ಎರಡನೆಯದು 'ನೌರೂಜೆತಾನ್ ಪೀರೂಜ್'. ಮೂರನೆಯದು 'ಸಾಲೆ ಖೂಬೀ ದಾಶ್ತೆ ಬಾಶೀದ್', ನಿಮಗೆ ಒಳ್ಳೆಯ ವರ್ಷ ಇರಲಿ. ಖೂಬ್ ಎಂದರೆ ಒಳ್ಳೆಯದು.

ಹಿರಿಯರ ಬಾಯಲ್ಲಿ ಬರುವ ಮಾತೊಂದಿದೆ, ನನಗೆ ಬಹಳ ಹಿಡಿಸಿದ್ದು: 'ಸದ್ ಸಾಲ್ ಬೆ ಈನ್ ಸಾಲ್‌ಹಾ'. ಇಂಥ ವರ್ಷಗಳು ನೂರು ಬರಲಿ. ನಮ್ಮ ಅಜ್ಜಿಯರು 'ನೂರ್ಕಾಲ ಬಾಳು' ಎಂದು ತಲೆ ಸವರುವ ಹಾಗೆ. ಆ 'ಸದ್' ಕೂಡ ನಮ್ಮ 'ಶತ'ದ ನೆಂಟನೇ.

ಹೇಳುವ ಹೊತ್ತೂ ಮುಖ್ಯ. ಇರಾನಿನ ವರ್ಷ ಮಧ್ಯರಾತ್ರಿಗೆ ಬದಲಾಗುವುದಿಲ್ಲ. ಹಗಲು ಇರುಳು ಸಮವಾಗುವ ಮಾರ್ಚ್ ತಿಂಗಳಲ್ಲಿ ಸೂರ್ಯ ವಿಷುವದ ಬಿಂದುವನ್ನು ದಾಟುವ ಕ್ಷಣಕ್ಕೇ ಬದಲಾಗುತ್ತದೆ. ಅದಕ್ಕೆ 'ತಹ್ವೀಲೆ ಸಾಲ್' ಎನ್ನುತ್ತಾರೆ. 2025ರಲ್ಲಿ ಆ ಕ್ಷಣ ಮಾರ್ಚ್ 20ರಂದು ಟೆಹರಾನಿನಲ್ಲಿ ಮಧ್ಯಾಹ್ನ 12.31ಕ್ಕೆ ಬಂತು, ಬೆಂಗಳೂರಿನಲ್ಲಿ 2.31ಕ್ಕೆ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಅದೇ ಕ್ಷಣ ನಡುರಾತ್ರಿ ಕಳೆದು 2.01! ಆದರೂ ನನ್ನ ಸಹೋದ್ಯೋಗಿಯ ಮನೆಯಲ್ಲಿ ಮಕ್ಕಳನ್ನು ಎಬ್ಬಿಸಿ, ಹೊಸ ಬಟ್ಟೆ ತೊಡಿಸಿ, ಎಲ್ಲರೂ ಹಬ್ಬದ ಮೇಜಿನ ಸುತ್ತ ಕುಳಿತಿದ್ದರಂತೆ. ಆ ಕ್ಷಣದಿಂದ ಅವರಿಗೆ 1404ನೇ ವರ್ಷ. ಅದಕ್ಕೆ ಮುಂಚೆ ಶುಭಾಶಯ ಹೇಳುವುದಿದ್ದರೆ ಮೊದಲಿಗೆ 'ಪೀಶಾಪೀಶ್' ಸೇರಿಸಬೇಕು, ಮುಂಗಡವಾಗಿ ಎಂದರ್ಥ. ತಡವಾದರೆ ಚಿಂತೆಯಿಲ್ಲ, ಹಬ್ಬ ಹದಿಮೂರು ದಿನ ನಡೆಯುತ್ತದೆ.

ಆ ಮೇಜಿನ ಹೆಸರು 'ಹಫ್ತ್ ಸೀನ್'. ಹಫ್ತ್ ಎಂದರೆ ಏಳು. ನಮ್ಮ ಸಿಂಧು ಅಲ್ಲಿ ಹಿಂದು ಆದ ಹಾಗೆ, ಸಪ್ತದ ಸ ಅಲ್ಲಿ ಹ ಆಗಿದೆ. ಸೀನ್ ಎನ್ನುವುದು ಅವರ ಸ ಅಕ್ಷರದ ಹೆಸರು. ಸ ಇಂದ ಶುರುವಾಗುವ ಏಳು ವಸ್ತುಗಳನ್ನು ಬಟ್ಟೆಯ ಮೇಲೆ ಜೋಡಿಸುತ್ತಾರೆ. ಸೀಬ್ ಎಂದರೆ ಸೇಬು, ಚೆಲುವಿಗೆ. ಸೀರ್ ಎಂದರೆ ಬೆಳ್ಳುಳ್ಳಿ, ಆರೋಗ್ಯಕ್ಕೆ. ಸೆರ್ಕೆ ಎಂದರೆ ವಿನೆಗರ್, ತಾಳ್ಮೆ ಮತ್ತು ದೀರ್ಘಾಯುಸ್ಸಿಗೆ. ಸೊಮಾಕ್ ಒಂದು ಹುಳಿ ಹಣ್ಣಿನ ಕೆಂಪು ಪುಡಿ, ಬೆಳಗಿನ ಸೂರ್ಯನ ಬಣ್ಣದ್ದು. ಸೆಂಜೆದ್ ಎಂಬ ಒಣಗಿದ ಸಣ್ಣ ಹಣ್ಣು ಪ್ರೀತಿಗೆ. ಅರ್ಥಗಳು ಮನೆಯಿಂದ ಮನೆಗೆ ತುಸು ಬೇರೆಯಾಗುತ್ತವೆ, ಬೇವು-ಬೆಲ್ಲದ ಪಾಕ ನಮ್ಮ ಮನೆಮನೆಗೂ ಬೇರೆ ಇರುವ ಹಾಗೆ.

ನೀವು ಜಾಣರು, ಸ ಇಂದ ಶುರುವಾಗುವ ಇನ್ನೇನಾದರೂ ಇಡಬಹುದೇ ಎಂದು ಕೇಳುತ್ತೀರಿ. ನಾಣ್ಯ ಇಡಬಹುದು, ಅದು 'ಸೆಕ್ಕೆ'. 'ಸೊಂಬೊಲ್' ಎಂಬ ಪರಿಮಳದ ಹಯಸಿಂತ್ ಹೂವನ್ನೂ ಇಡುತ್ತಾರೆ. ಆದರೆ ಕುರ್ಚಿಗೆ 'ಸಂದಲೀ' ಎಂದರೂ, ಸೋಪಿಗೆ 'ಸಾಬೂನ್' ಎಂದರೂ ಅವು ಈ ಲೆಕ್ಕಕ್ಕೆ ಬರುವುದಿಲ್ಲ. ಪಾರಸಿಯಲ್ಲಿ ಸ ಎಂದೇ ಉಚ್ಚರಿಸುವ ಅಕ್ಷರ ಮೂರಿವೆ, ಈ ಎರಡು ಪದಗಳು ಶುರುವಾಗುವುದು ಸೀನ್‌ನಿಂದಲ್ಲ, 'ಸಾದ್' ಎಂಬ ಬೇರೆ ಅಕ್ಷರದಿಂದ. ಕಿವಿಗೆ ಒಂದೇ, ಕಣ್ಣಿಗೆ ಬೇರೆ.

ಉಳಿದ ಎರಡು ವಸ್ತುಗಳು ಗೋಧಿಯ ಮೊಳಕೆಯಿಂದ ಬಂದವು, ಮೇಜಿನ ಜೀವವೇ ಅವು. ಸಮನೂ ಒಂದು ಕಂದು ಬಣ್ಣದ ಹಲ್ವ. ಮೊಳಕೆ ಬಂದ ಗೋಧಿಯನ್ನು ರುಬ್ಬಿ, ಹಾಲು ಹಿಂಡಿ, ಹಿಟ್ಟು ಸೇರಿಸಿ ಗಂಟೆಗಟ್ಟಲೆ ಕೈಬಿಡದೆ ತಿರುವುತ್ತಾರೆ. ಒಂದು ಚಮಚ ಸಕ್ಕರೆಯನ್ನೂ ಹಾಕುವುದಿಲ್ಲ, ಆದರೂ ಸಿಹಿ. ಮೊಳಕೆಯೊಡೆದ ಕಾಳು ತನ್ನೊಳಗಿನ ಪಿಷ್ಟವನ್ನು ತಾನೇ ಸಕ್ಕರೆ ಮಾಡಿಕೊಳ್ಳುತ್ತದೆ. ಅಜ್ಜಿ ಮೊಳಕೆ ರಾಗಿಯಿಂದ ಮಾಡುವ ಮಾಲ್ಟ್ ಸಿಹಿಯಾಗುವುದೂ ಇದೇ ಕಾರಣಕ್ಕೆ.

ಇನ್ನೊಂದು ಸಬ್ಜೆ, ತಟ್ಟೆಯಲ್ಲಿ ಬೆಳೆಸಿದ ಹಸಿರು ಪೈರು, ವಸಂತದ ಗುರುತು. ಮದುವೆಯಲ್ಲಿ ನವಧಾನ್ಯ ಮೊಳಕೆ ಬರಿಸುವ ಅಂಕುರಾರ್ಪಣೆಯನ್ನು ನೋಡಿದವರಿಗೆ ಇದು ಹೊಸದೆನಿಸದು. ಒಂದು ಹಿಡಿ ಗೋಧಿಯನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನಕ್ಕೆ ಬಿಳಿ ತುದಿ ಕಾಣುತ್ತದೆ. ಆಗ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಹಸಿರು ಏಳುವ ತನಕ ಒದ್ದೆ ಬಟ್ಟೆ ಹೊದಿಸಿ, ಆಮೇಲೆ ಬೆಳಕಿಗಿಟ್ಟು ದಿನಕ್ಕೆರಡು ಸಲ ನೀರು ಚಿಮುಕಿಸಿ. ಹಾಳಾಗುವುದು ಹೆಚ್ಚಾಗಿ ನೀರು ಅತಿಯಾಗಿಯೇ. ಹುಳಿ ವಾಸನೆ ಬಂದರೆ ಅಥವಾ ಬುಡದಲ್ಲಿ ಬೂದು ಬಣ್ಣದ ಬೂಷ್ಟು ಕಂಡರೆ ತಟ್ಟೆ ವಾಲಿಸಿ, ನಿಂತ ನೀರನ್ನು ಬಸಿಯಬೇಕು. ಹಬ್ಬದ ಹೊತ್ತಿಗೆ ಗೇಣುದ್ದ ಬಂದ ಪೈರಿಗೆ ಕೆಂಪು ರಿಬ್ಬನ್ ಕಟ್ಟುತ್ತಾರೆ. ಹದಿಮೂರನೆಯ ದಿನ ಯಾರೂ ಮನೆಯೊಳಗೆ ಕೂರುವುದಿಲ್ಲ. ತೋಟಕ್ಕೋ ಹೊಳೆ ದಂಡೆಗೋ ಬುತ್ತಿ ಕಟ್ಟಿಕೊಂಡು ಹೋಗಿ, ಆ ಪೈರನ್ನು ಹರಿಯುವ ನೀರಿಗೆ ಬಿಡುತ್ತಾರೆ. ಬಿಡುವ ಮುಂಚೆ ಎರಡು ಎಳೆಗಳನ್ನು ಗಂಟು ಹಾಕಿ ಮನಸ್ಸಿನಲ್ಲೇ ಒಂದು ಆಸೆ ಹೇಳಿಕೊಳ್ಳುವ ರೂಢಿಯೂ ಇದೆ.

ಏಳು ವಸ್ತುಗಳ ಜೊತೆಗೆ ಕನ್ನಡಿ, ಮೇಣದ ಬತ್ತಿ, ಬಣ್ಣದ ಮೊಟ್ಟೆ ಇರುತ್ತವೆ. ಕನ್ನಡಿಯ ಮಾತು ಬಂದಾಗ ಮಂಗಳೂರು ಕಡೆಯ ಮಕ್ಕಳಿಗೆ ಬಿಸುವಿನ ಕಣಿ ನೆನಪಾಗಬೇಕು. ಹಣ್ಣು, ಸೌತೆಕಾಯಿ, ಚಿನ್ನ, ಕನ್ನಡಿ ಇಟ್ಟು ಬೆಳಿಗ್ಗೆ ಎದ್ದೊಡನೆ ನೋಡುವ ಹಬ್ಬ ಅದು. ಬಿಸು ಎಂಬ ಹೆಸರು ಬಂದದ್ದೂ ವಿಷುವದಿಂದಲೇ, ಹಗಲಿರುಳು ಸಮವಾಗುವ ದಿನದಿಂದ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ಎಣಿಸುವುದರಿಂದ ಬಿಸು ಕಾಲಕ್ರಮದಲ್ಲಿ ಏಪ್ರಿಲ್ ನಡುವಿಗೆ ಸರಿದಿದೆ, ನೌರೂಜ್ ಮಾತ್ರ ವಿಷುವದ ಜೊತೆಗೇ ಇದೆ.

ನೌರೂಜ್ ಇರಾನಿನದಷ್ಟೇ ಅಲ್ಲ. 2009ರಲ್ಲಿ ಯುನೆಸ್ಕೋ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅರ್ಜಿ ಹಾಕಿದ ಏಳು ದೇಶಗಳಲ್ಲಿ ಭಾರತವೂ ಒಂದು. ನಮ್ಮ ಪಾರ್ಸಿಗಳು ಮಾರ್ಚ್ 21ರಂದು ಇದನ್ನೇ ಜಮ್ಶೇದಿ ನವ್‌ರೋಜ್ ಎಂದು ಆಚರಿಸುತ್ತಾರೆ. ಅಫ್ಘಾನಿಸ್ತಾನದ ಗೆಳೆಯರ ಮನೆಗೆ ಹೋದರೆ ಹಫ್ತ್ ಸೀನ್ ಬದಲು 'ಹಫ್ತ್ ಮೇವಾ' ಸಿಗಬಹುದು, ನೀರಿನಲ್ಲಿ ನೆನೆಸಿದ ಏಳು ಬಗೆಯ ಒಣಹಣ್ಣು. ಅದನ್ನು ಕುಡಿಯಲೂ ಕೊಡುತ್ತಾರೆ, ತಿನ್ನಲೂ ಕೊಡುತ್ತಾರೆ.

ಬರುವ ಮಾರ್ಚ್‌ನಲ್ಲಿ ನಿಮ್ಮ ಗೆಳೆಯರಿಗೆ ಒಂದು ಕಾರ್ಡು ಬರೆಯಿರಿ, ಹಿರಿಯರಾದರೆ 'ತಾನ್' ಮರೆಯಬೇಡಿ. ಜೊತೆಗೊಂದು ಹಸಿರು ತಟ್ಟೆಯನ್ನೂ ಕೊಡುವ ಆಸೆಯಿದ್ದರೆ ಮಾರ್ಚ್ ಮೊದಲ ವಾರದಲ್ಲೇ ಗೋಧಿ ನೆನೆಹಾಕಿ. ಪೈರು ಏಳಲು ಎರಡು ವಾರ ಬೇಕು.