ನೋಗ್ಲಿ ಎಂದರೆ ಕಾಣೆ

ಮಕ್ಕಳೇ, ಜಯನಗರದಲ್ಲಿ ನಮ್ಮ ಮನೆಯ ಹತ್ತಿರದ ಮೀನಂಗಡಿಯ ಬಾಗಿಲಲ್ಲಿ ಒಂದು ಕರಿಹಲಗೆ ಇದೆ. ಅಂದಂದು ಕರಾವಳಿಯಿಂದ ಬಂದ ಮೀನಿನ ಹೆಸರನ್ನು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ: ಬಂಗುಡೆ, ಬೂತಾಯಿ, ಅಂಜಲ್, ಕಾಣೆ. ನಮ್ಮ ಆಯಿ ಕಾರವಾರದವಳು, ಮನೆಮಾತು ಕೊಂಕಣಿ. ಅವಳು ಹಲಗೆ ಓದುವವಳೇ ಅಲ್ಲ.

"ನೋಗ್ಲಿ ಉಂಟಾ?"

"ಕಾಣೆ ಅಲ್ವಾ ಅಮ್ಮಾ? ಇದೆ, ಎಷ್ಟು ಹಾಕಲಿ?"

ಈ ಹೆಸರುಗಳನ್ನು ನಾನು ಒಂದು ಪಟ್ಟಿ ಮಾಡಿಟ್ಟಿದ್ದೇನೆ. ಬಂಗುಡೆಗೆ ಕೊಂಕಣಿಯಲ್ಲಿ ಬಾಂಗ್ಡೊ. ಅದು ಒಂದೇ ಮೀನಾದರೆ. ಹೆಚ್ಚಿದ್ದರೆ ಬಾಂಗ್ಡೆ. ಬೂತಾಯಿ ತಾರ್ಲೆ ಆಗುತ್ತದೆ, ಅಂಜಲ್ ಇಸ್ವಾಣ್ ಆಗುತ್ತದೆ. ಕಾಣೆ, ಅಂಜಲ್, ಬೂತಾಯಿ ಇವು ತುಳುವಿನ ಮಾತುಗಳು. ಸಮುದ್ರವಿಲ್ಲದ ಊರುಗಳ ಕನ್ನಡಿಗರು ಮೀನಿನ ಜೊತೆಗೆ ಹೆಸರನ್ನೂ ಕರಾವಳಿಯಿಂದಲೇ ತರಿಸಿಕೊಂಡರು.

ಇಂಗ್ಲಿಷ್ ಹೆಸರು ಬರೆಯುವಾಗ ಮಾತ್ರ ಎಚ್ಚರ ಬೇಕು. ಕಾಣೆಗೆ ಇಲ್ಲಿ ಎಲ್ಲರೂ ಲೇಡಿಫಿಶ್ ಅನ್ನುತ್ತಾರೆ, ಹೋಟೆಲಿನ ಮೆನುವಿನಲ್ಲೂ ಅದೇ. ನಿಮ್ಮಲ್ಲಿ ಅಮೆರಿಕದಲ್ಲಿರುವವರು ಆ ಹೆಸರು ಹೇಳಿ ಕೇಳಿದರೆ ಬರುವುದು ಬೇರೆಯೇ ಮೀನು: ದೊಡ್ಡ ಬಾಯಿ, ಆಳವಾಗಿ ಕವಲೊಡೆದ ಬಾಲ, ಮೈತುಂಬ ಮುಳ್ಳು. ಗಾಳ ಹಾಕುವವರು ಹಿಡಿದರೂ ಹೆಚ್ಚಾಗಿ ತಿನ್ನುವುದಿಲ್ಲ.

ನಮ್ಮ ಕಾಣೆಯ ಸರಿಯಾದ ಇಂಗ್ಲಿಷ್ ಹೆಸರು ಸಿಲ್ವರ್ ವೈಟಿಂಗ್. ಅದೂ ಎಲ್ಲ ಕಡೆ ನಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ ವೈಟಿಂಗ್ ಅಂದರೆ ಕಾಡ್ ಮೀನಿನ ನೆಂಟ. ಆಸ್ಟ್ರೇಲಿಯಾದ ಮಕ್ಕಳು ಮಾತ್ರ ಅದೃಷ್ಟವಂತರು, ಅಲ್ಲಿನ ಸ್ಯಾಂಡ್ ವೈಟಿಂಗ್ ನಮ್ಮ ಕಾಣೆಯ ಖಾಸಾ ದಾಯಾದಿ. ಆದರೆ ಅವರು ಇಸ್ವಾಣ್ ಬೇಕೆಂದು ಇಲ್ಲಿಯವರಂತೆ ಕಿಂಗ್‌ಫಿಶ್ ಎಂದು ಕೇಳಿದರೆ ಮೋಸಹೋಗುತ್ತಾರೆ. ಅಲ್ಲಿ ಅದು ಸ್ಪ್ಯಾನಿಶ್ ಮ್ಯಾಕರೆಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಕಿಂಗ್‌ಫಿಶ್ ಅಂದರೆ ಬೇರೆ ಕುಲದ ಮೀನು.

ಹಾಗಾಗಿ ನನ್ನ ಪಟ್ಟಿಗೆ ನಾಲ್ಕನೆಯ ಸಾಲೊಂದನ್ನು ಸೇರಿಸಿದ್ದೇನೆ, ವಿಜ್ಞಾನದ ಹೆಸರಿಗೆ. ಕಾಣೆಗೆ ಸಿಲಾಗೊ ಸಿಹಾಮಾ, ಇಸ್ವಾಣಿಗೆ ಸ್ಕಾಂಬೆರೊಮೊರಸ್ ಕಾಮರ್ಸನ್. ದೇಶ ಬದಲಾದರೂ ಇವು ಬದಲಾಗುವುದಿಲ್ಲ.

ಆಯಿಗೆ ಹೆಸರೇ ಬೇಕಿಲ್ಲ. ತಟ್ಟೆಯಿಂದ ಒಂದು ಕಾಣೆ ಎತ್ತಿ ನನಗೆ ತೋರಿಸುತ್ತಾಳೆ. ಗೇಣುದ್ದ, ಬೆರಳಿನಂತೆ ಉರುಟು ಮೈ, ಬೆಳ್ಳಿಯ ಮೇಲೆ ತೆಳುವಾಗಿ ಮರಳಿನ ಬಣ್ಣ. ಮೂತಿ ಚೂಪು, ಬಾಯಿ ಚಿಕ್ಕದು. ಹೆದರಿದರೆ ಆ ಮೂತಿಯಿಂದಲೇ ಮರಳಿನೊಳಗೆ ನುಗ್ಗಿ ಅಡಗುವ ಮೀನು ಅದು. ಬೆನ್ನಿನ ಮೇಲೆ ಒಂದರ ಹಿಂದೆ ಒಂದು ಎರಡು ರೆಕ್ಕೆ. ಮುಂದಿನದು ಗಿಡ್ಡ, ಹಿಂದಿನದು ಬಾಲದವರೆಗೂ ಉದ್ದ. ನೀವಿರುವ ಊರಿನ ಅಂಗಡಿಯಲ್ಲಿ ಫಲಕ ಏನೇ ಹೇಳಲಿ, ಮೊದಲು ಆ ಎರಡು ರೆಕ್ಕೆಗಳನ್ನೂ ಚೂಪು ಮೂತಿಯನ್ನೂ ನೋಡಿ. ಎರಡೂ ಸರಿಯಿದ್ದರೆ ರವೆ ಹಚ್ಚಿ ಕಾಯಿಸಲು ಅಮ್ಮನಿಗೆ ಹೇಳಿ.